ಬಲಗಡೆಯ ಕೋಣೆ ಮತ್ತು ಒಂದು ಕಬಡ್ಡಿ ಮನೆತನ

2025ರ ಮೇ, ಜೂನ್ ತಿಂಗಳಲ್ಲಿ ಹಾಸನದಲ್ಲಿ ಇದ್ದವರಿಗೆ ಆ ದಿನಗಳು ಮರೆಯೋದಿಲ್ಲ. ಬೆಳಿಗ್ಗೆ ಟಿವಿ ಹಾಕಿದರೆ ಜಿಲ್ಲೆಯಲ್ಲಿ ಇನ್ನೊಂದು ಸಾವು, ಅದೂ ಚಿಕ್ಕ ವಯಸ್ಸಿನವರದ್ದು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ನನ್ನ ಕ್ಲಿನಿಕ್‌ಗೂ ಬರೀ ಇಸಿಜಿ ಮಾಡಿಸೋಕೆ ಅಂತಲೇ ಬಂದವರು ತುಂಬಾ ಜನ. ಆಮೇಲೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಜಿಲ್ಲೆಯಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆರೋಗ್ಯ ಸಚಿವರು ಹೇಳಿದರು. ಭಯ ನಿಧಾನಕ್ಕೆ ಇಳಿಯಿತು.

ಆ ಎರಡು ತಿಂಗಳಲ್ಲಿ ನನ್ನನ್ನು ಕಾಡಿದ್ದು, ಎಲ್ಲ ಸಾವಿಗೂ ನಾವು ಇಟ್ಟ ಒಂದೇ ಹೆಸರು, ಹಾರ್ಟ್ ಅಟ್ಯಾಕ್. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳೋದು. ಹೆಚ್ಚಿನವರ ವಿಷಯದಲ್ಲಿ ಅದು ನಿಜ ಕೂಡ. ಆದರೆ ಇಪ್ಪತ್ತರ ಹುಡುಗ ಓಡುತ್ತಾ ಓಡುತ್ತಾ ಬಿದ್ದರೆ ಬೇರೆ ಕೆಲವು ಕಾರಣಗಳನ್ನು ಹುಡುಕಲೇಬೇಕು. ಅದರಲ್ಲಿ ಒಂದರ ಬಗ್ಗೆ, ಹೃದಯದ ಬಲಗಡೆಯ ಕೆಳಕೋಣೆಯ ಸ್ನಾಯುವನ್ನು ಕೆಡಿಸುವ ಒಂದು ಕಾಯಿಲೆಯ ಬಗ್ಗೆ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅದು ಒಬ್ಬನ ಕಾಯಿಲೆಯಾಗಿ ಬಂದು ಇಡೀ ಮನೆತನದ ಕಾಯಿಲೆಯಾಗುತ್ತದೆ, ಮತ್ತು ಆ ಮನೆತನದ ಉಳಿದವರನ್ನು ಮೊದಲೇ ಹುಡುಕಿಕೊಳ್ಳುವ ದಾರಿ ಇದೆ. ಮುಂದೆ ಹೇಳುವ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಕೆಲವು ಗುರುತುಗಳನ್ನು ಬದಲಿಸಿದ್ದೇನೆ.

ಚನ್ನರಾಯಪಟ್ಟಣದ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ. ಆಲೂಗಡ್ಡೆ, ಶುಂಠಿ ಬೆಳೆಯುವ ಮನೆ. ಸುತ್ತಮುತ್ತಲ ಊರಿನಲ್ಲಿ ಕಬಡ್ಡಿ ರೈಡರ್ ಅಂತ ಹೆಸರು. ಜಾತ್ರೆಯ ಸಮಯದಲ್ಲಿ ಲೈಟ್ ಹಾಕಿ ರಾತ್ರಿಯೆಲ್ಲ ನಡೆಸುವ ಪಂದ್ಯಾವಳಿಯಲ್ಲಿ, ಎದುರಾಳಿಯ ಅಂಕಣದೊಳಗೆ ಇರುವಾಗಲೇ ಕುಸಿದು ಬಿದ್ದ. ಯಾರೂ ಹಿಡಿದಿರಲಿಲ್ಲ, ಪೆಟ್ಟೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ, ಆದರೆ ಮೈಯೆಲ್ಲ ತಣ್ಣಗೆ ಬೆವರು, ನಾಡಿ ಎಣಿಸೋಕೆ ಆಗದಷ್ಟು ಜೋರು. ಸ್ನೇಹಿತರು ಕಾರಿನಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದರು. ಅಲ್ಲಿ ತೆಗೆದ ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 220. ರಕ್ತದೊತ್ತಡ ಇಳಿಯುತ್ತಿತ್ತು. ಕರ್ತವ್ಯದಲ್ಲಿದ್ದ ವೈದ್ಯರು ತಡ ಮಾಡದೆ ಶಾಕ್ ಕೊಟ್ಟು ಬಡಿತವನ್ನು ಸರಿ ಮಾಡಿದರು. ಅವನು ಬದುಕಿದ್ದು ಆ ಶಾಕ್‌ನಿಂದ.

ಆಮೇಲೆ ಆ್ಯಂಜಿಯೋಗ್ರಾಂ ಆಯಿತು. ರಕ್ತನಾಳಗಳು ಎಲ್ಲೂ ಕಟ್ಟಿಲ್ಲ. ಎಕೋ ಆಯಿತು, ವರದಿಯಲ್ಲಿ ನಾರ್ಮಲ್ ಅಂತ ಬರೆದಿತ್ತು. ಏನೂ ಇಲ್ಲ, ಸುಸ್ತಿಗೆ ಆಗಿರಬಹುದು ಅಂತ ಮನೆಗೆ ಕರೆದುಕೊಂಡು ಹೋದರು. ಆದರೆ ಅಮ್ಮನಿಗೆ ಸಮಾಧಾನ ಇರಲಿಲ್ಲ. ಎಲ್ಲ ಕಾಗದಗಳನ್ನು ಒಂದು ಬಟ್ಟೆಯಂಗಡಿ ಕವರ್‌ನಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಂದರು.

ಆ ಕವರ್‌ನಲ್ಲಿ ಎರಡು ಇಸಿಜಿ ಇದ್ದವು. ಒಂದು ಬಡಿತ ಜೋರಾಗಿದ್ದಾಗ ತೆಗೆದದ್ದು, ಇನ್ನೊಂದು ಸರಿಯಾದ ಮೇಲೆ ತೆಗೆದದ್ದು. ಮೊದಲನೆಯದರ ಆಕಾರ ನೋಡಿದರೆ ಆ ಕೆಟ್ಟ ಬಡಿತ ಹುಟ್ಟಿದ್ದು ಹೃದಯದ ಬಲಗಡೆಯ ಕೆಳಕೋಣೆಯಲ್ಲಿ ಅಂತ ಗೊತ್ತಾಗುತ್ತಿತ್ತು. ಬಲಕೋಣೆಯಿಂದ ಹೀಗೆ ಜೋರು ಬಡಿತ ಬರೋದು ಆರೋಗ್ಯವಂತರಲ್ಲೂ ಉಂಟು. ಅದು ಹೆಚ್ಚಾಗಿ ಕೋಣೆಯ ಮೇಲ್ತುದಿಯಲ್ಲಿ, ರಕ್ತ ಶ್ವಾಸಕೋಶಕ್ಕೆ ಹೊರಡುವ ಬಾಯಿಯ ಹತ್ತಿರ ಹುಟ್ಟುತ್ತದೆ, ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ. ಈ ಹುಡುಗನದ್ದು ಹಾಗಿರಲಿಲ್ಲ. ವಿದ್ಯುತ್ತು ಕೆಳಗಿನಿಂದ ಮೇಲಕ್ಕೆ ಹೊರಟಿತ್ತು. ಅಂದರೆ ಅದು ಹುಟ್ಟಿದ ಜಾಗ ಬೇರೆ.

ಎರಡನೆಯ ಇಸಿಜಿ ಇನ್ನೂ ಹೆಚ್ಚು ಹೇಳುತ್ತಿತ್ತು. ಎದೆಯ ಮೇಲೆ ಅಂಟಿಸುವ ಮೊದಲ ಮೂರು ಲೀಡ್‌ಗಳಲ್ಲಿ, ಅಂದರೆ ವಿ1, ವಿ2, ವಿ3ರಲ್ಲಿ, ಪ್ರತಿ ಬಡಿತದ ಕೊನೆಯಲ್ಲಿ ಬರುವ ಟಿ ಅಲೆ ತಲೆಕೆಳಗಾಗಿತ್ತು. ಮಕ್ಕಳಲ್ಲಿ ಹೀಗಿರೋದು ಸಹಜ. ಹದಿನಾಲ್ಕು ದಾಟಿದ ಮೇಲೂ ವಿ3ರವರೆಗೆ ಹೀಗೇ ಉಳಿದಿದ್ದರೆ ಯಾಕೆ ಅಂತ ಕೇಳಬೇಕು. ಈ ಮೂರು ಲೀಡ್‌ಗಳು ಇರೋದೇ ಬಲಕೋಣೆಯ ಮುಂದೆ.

ಕಾಯಿಲೆಯ ಪೂರ್ತಿ ಹೆಸರು ಅರಿದ್ಮೋಜೆನಿಕ್ ರೈಟ್ ವೆಂಟ್ರಿಕ್ಯುಲರ್ ಕಾರ್ಡಿಯೋಮಯೋಪತಿ. ನಾವು ಎಆರ್‌ವಿಸಿ ಅನ್ನುತ್ತೇವೆ. ಬಲಕೋಣೆಯ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಸತ್ತು, ಆ ಜಾಗದಲ್ಲಿ ಕೊಬ್ಬು ಮತ್ತು ಗಾಯದ ನಾರು ತುಂಬಿಕೊಳ್ಳುತ್ತದೆ. ಇದು ಗೋಡೆಯ ಹೊರಮೈಯಿಂದ ಶುರುವಾಗಿ ಒಳಕ್ಕೆ ಬರುತ್ತದೆ. ಎಷ್ಟೋ ಜನರಲ್ಲಿ ಎಡಕೋಣೆಗೂ ಹರಡುತ್ತದೆ.

"ಕೊಬ್ಬು ಅಂದ್ರಲ್ಲ, ನಾನು ಚಿಕ್ಕವನಿಂದ ಬೆಣ್ಣೆ ತುಪ್ಪ ಜಾಸ್ತಿ ತಿನ್ಸಿದ್ದಕ್ಕೆ ಹಿಂಗಾಯ್ತಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದರು. ಅವರ ಮುಖ ನೋಡಿದರೆ ಆ ಪ್ರಶ್ನೆಯನ್ನು ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದಾರೆ ಅಂತ ಗೊತ್ತಾಗುತ್ತಿತ್ತು. ಇಲ್ಲಮ್ಮ, ತುಪ್ಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಅಂದೆ. ರಕ್ತದ ಕೊಲೆಸ್ಟ್ರಾಲ್ ಬೇರೆ, ಇದು ಬೇರೆ. ಇಲ್ಲಿ ಸ್ನಾಯು ಮೊದಲು ಸಾಯುತ್ತದೆ, ಖಾಲಿಯಾದ ಜಾಗವನ್ನು ದೇಹ ಕೊಬ್ಬಿನಿಂದಲೂ ನಾರಿನಿಂದಲೂ ತುಂಬುತ್ತದೆ.

ಸ್ನಾಯು ಯಾಕೆ ಸಾಯುತ್ತದೆ ಅನ್ನೋದನ್ನು ಹುಡುಗನಿಗೆ ಅವನ ಆಟದ ಮೂಲಕವೇ ಹೇಳಿದೆ. ಕಬಡ್ಡಿಯಲ್ಲಿ ಹಿಡಿಯುವವರು ಕೈಕೈ ಹಿಡಿದು ಸರಪಳಿ ಕಟ್ಟಿ ನಿಲ್ಲುತ್ತಾರಲ್ವಾ, ಹೃದಯದ ಜೀವಕೋಶಗಳೂ ಹಾಗೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆ ಹಿಡಿತಕ್ಕೆ ಡೆಸ್ಮೋಸೋಮ್ ಅಂತ ಹೆಸರು. ಅದನ್ನು ಕಟ್ಟುವ ಪ್ರೋಟೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಸರಿ ಇಲ್ಲದಿದ್ದರೆ ಹಿಡಿತ ಸಡಿಲ. ಸುಮ್ನೆ ನಿಂತಾಗ ಗೊತ್ತಾಗೋದಿಲ್ಲ. ರೈಡರ್ ಜೋರಾಗಿ ಎಳೆದಾಗ ಕೈ ಜಾರುತ್ತದೆ.

ಆ ಸಾವುಬದುಕಿನ ಬಡಿತ ಬರೋದು ಈ ಗಾಯದ ಜಾಗದಲ್ಲಿ. ಆರೋಗ್ಯವಾದ ಸ್ನಾಯುವಿನಲ್ಲಿ ವಿದ್ಯುತ್ತು ಒಂದೇ ಸಮನೆ ಹರಿದು ಮುಗಿಯುತ್ತದೆ. ಕೊಬ್ಬು, ನಾರಿನ ಮಧ್ಯೆ ಅಲ್ಲಲ್ಲಿ ಬದುಕಿ ಉಳಿದ ಸ್ನಾಯುವಿನ ಎಳೆಗಳಲ್ಲಿ ಅದು ಸುತ್ತಿ ಬಳಸಿ, ತಡವಾಗಿ ಹೋಗುತ್ತದೆ. ಹಾಗೆ ತಡವಾಗಿ ಹೊರಬಂದಾಗ ಸುತ್ತಲಿನ ಸ್ನಾಯು ಮತ್ತೆ ಬಡಿಯೋಕೆ ತಯಾರಾಗಿರುತ್ತದೆ. ವಿದ್ಯುತ್ತು ಮತ್ತೆ ಅದೇ ದಾರಿ ಹಿಡಿಯುತ್ತದೆ. ಒಂದು ಸುತ್ತು ಶುರುವಾದರೆ ನಿಲ್ಲೋದಿಲ್ಲ, ನಿಮಿಷಕ್ಕೆ ಇನ್ನೂರು ದಾಟುತ್ತದೆ. ಆ ವೇಗದಲ್ಲಿ ಕೋಣೆ ತುಂಬಿಕೊಳ್ಳೋಕೆ ಸಮಯವೇ ಸಿಗೋದಿಲ್ಲ. ಮಿದುಳಿಗೆ ರಕ್ತ ಕಡಿಮೆಯಾಗಿ ಮನುಷ್ಯ ಬೀಳುತ್ತಾನೆ. ಬಡಿತ ಇನ್ನೂ ಕೆಟ್ಟು ಬರೀ ನಡುಕವಾದರೆ ಕೆಲವೇ ನಿಮಿಷದಲ್ಲಿ ಸಾವು.

ಹಾಗಾದರೆ ಎಕೋ ಯಾಕೆ ನಾರ್ಮಲ್ ಬಂತು? ಇದು ಎಲ್ಲ ಕಡೆಯೂ ಆಗುವಂಥದ್ದು. ಬಲಕೋಣೆ ಎದೆಮೂಳೆಯ ಹಿಂದೆ ಅಡಗಿರುತ್ತದೆ, ಅದರ ಆಕಾರವೂ ವಕ್ರ. ಮಾಮೂಲಿ ಎಕೋದಲ್ಲಿ ಎಡಕೋಣೆಯ ಪಂಪಿಂಗ್ ಅಳೆದು, ಅದು ಚೆನ್ನಾಗಿದ್ದರೆ ವರದಿ ಮುಗಿಯುತ್ತದೆ. ಬಲಕೋಣೆಯ ಮೇಲೆ ಅನುಮಾನ ಇದೆ ಅಂತ ಬರೆದು ಕಳಿಸಿದರೆ ಮಾತ್ರ ಅದನ್ನು ಬೇರೆ ಬೇರೆ ಕೋನದಿಂದ ಅಳೆಯುತ್ತಾರೆ. ಅದೂ ಸಾಲದೆ ಹೋದರೆ ಹೃದಯದ ಎಂಆರ್‌ಐ ಬೇಕು.

ಅವನನ್ನು ಬೆಂಗಳೂರಿಗೆ ಕಳಿಸಿದೆವು. ಎಂಆರ್‌ಐಯಲ್ಲಿ ಬಲಕೋಣೆ ದೊಡ್ಡದಾಗಿತ್ತು. ಪ್ರತಿ ಬಡಿತಕ್ಕೆ ಅದು ಹೊರಹಾಕುತ್ತಿದ್ದ ರಕ್ತ ಅದರಲ್ಲಿ ತುಂಬಿದ್ದರ ಶೇಕಡಾ 36 ಮಾತ್ರ. ಕವಾಟದ ಕೆಳಗಿನ ಗೋಡೆ, ಕೋಣೆ ಕುಗ್ಗಬೇಕಾದ ಹೊತ್ತಿನಲ್ಲಿ ಹೊರಕ್ಕೆ ಉಬ್ಬುತ್ತಿತ್ತು. ಇಪ್ಪತ್ತನಾಲ್ಕು ಗಂಟೆ ಕಟ್ಟಿಕೊಳ್ಳುವ ಹೋಲ್ಟರ್‌ನಲ್ಲಿ ಲಯ ತಪ್ಪಿ ಮಧ್ಯೆ ಬರುವ ಅಡ್ಡ ಬಡಿತಗಳು ಮೂರು ಸಾವಿರಕ್ಕೂ ಜಾಸ್ತಿ. ಈ ಕಾಯಿಲೆಯ ಲೆಕ್ಕದಲ್ಲಿ ದಿನಕ್ಕೆ 500 ದಾಟಿದರೇ ಅದು ಒಂದು ಸುಳಿವು. ಒಂದೇ ಒಂದು ಪರೀಕ್ಷೆಯಿಂದ ಎಆರ್‌ವಿಸಿ ಇದೆ, ಇಲ್ಲ ಅಂತ ಹೇಳೋಕಾಗೋದಿಲ್ಲ. ಇಸಿಜಿ, ಬಡಿತದ ಆಕಾರ, ಕೋಣೆಯ ಚಲನೆ, ಮನೆತನದ ಕಥೆ, ಜೀನ್, ಎಲ್ಲದಕ್ಕೂ ಅಂಕ ಇದ್ದ ಹಾಗೆ, ಕೂಡಿಸಿ ತೀರ್ಮಾನಿಸಬೇಕು. ಅದಕ್ಕೆ 1994ರಲ್ಲಿ ಒಂದು ಅಂತರರಾಷ್ಟ್ರೀಯ ಪಟ್ಟಿ ಬಂತು, 2010ರಲ್ಲಿ ಅದನ್ನು ತಿದ್ದಿದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಎಂಆರ್‌ಐ ವರದಿಯಲ್ಲಿ ಬಲಕೋಣೆಯ ಗೋಡೆಯಲ್ಲಿ ಕೊಬ್ಬು ಕಂಡಿದೆ ಅಂತ ಬರೆದದ್ದನ್ನೇ ಹಿಡಿದುಕೊಂಡು ಹೆದರಿ ಬಂದವರನ್ನು ನಾನು ನೋಡಿದ್ದೇನೆ. ವಯಸ್ಸಾದವರಲ್ಲಿ, ದಪ್ಪ ಇರುವವರಲ್ಲಿ ಅಲ್ಲಿ ಸ್ವಲ್ಪ ಕೊಬ್ಬು ಇರೋದು ಸಾಮಾನ್ಯ. 2010ರ ಪಟ್ಟಿಯಲ್ಲಿ ಎಂಆರ್‌ಐನ ಕೊಬ್ಬಿಗೆ ಅಂಕವೇ ಇಲ್ಲ. ಗೋಡೆ ಹೇಗೆ ಅಲುಗಾಡುತ್ತದೆ, ಕೋಣೆ ಎಷ್ಟು ಹಿಗ್ಗಿದೆ ಅನ್ನೋದೇ ಮುಖ್ಯ. ಬರೀ ಕೊಬ್ಬು ನೋಡಿ ಒಬ್ಬನ ಎದೆಯಲ್ಲಿ ಯಂತ್ರ ಇಡೋದು ದೊಡ್ಡ ಅನ್ಯಾಯ.

ಹುಡುಗನಿಗೆ ಐಸಿಡಿ ಹಾಕಿದರು. ಕಾಲರ್ ಬೋನ್ ಕೆಳಗೆ ಚರ್ಮದಡಿ ಕೂರುವ ಸಣ್ಣ ಯಂತ್ರ, ಅದರಿಂದ ಒಂದು ತಂತಿ ಬಲಕೋಣೆಗೆ ಹೋಗುತ್ತದೆ. ಕೆಟ್ಟ ಬಡಿತ ಬಂದರೆ ಮೊದಲು ಅದಕ್ಕಿಂತ ಚುರುಕಾಗಿ ತಾನೇ ಬಡಿಸಿ ಸುತ್ತನ್ನು ಮುರಿಯೋಕೆ ನೋಡುತ್ತದೆ, ಆಗದಿದ್ದರೆ ಶಾಕ್ ಕೊಡುತ್ತದೆ. ಜೊತೆಗೆ ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ. ಎಂಆರ್‌ಐ ಅನ್ನು ಐಸಿಡಿಗೆ ಮುಂಚೆಯೇ ಮುಗಿಸಿದ್ದು ಒಳ್ಳೆಯದಾಯಿತು, ಯಾಕೆಂದರೆ ಯಂತ್ರ ಕೂತ ಮೇಲೆ ಅದರ ನೆರಳು ಚಿತ್ರವನ್ನು ಕೆಡಿಸುತ್ತದೆ.

ಯಂತ್ರ ಬಂತಲ್ಲ, ಇನ್ನು ಆಡಬಹುದು ಅಂತ ಅವನು ತಿಳಿದ. ಪಕ್ಕದ ಊರಿನ ಹುಡುಗರ ಜೊತೆ ಒಂದು ಸ್ನೇಹದ ಪಂದ್ಯ, ಒಬ್ಬ ಕಡಿಮೆ ಇದ್ದಾನೆ ಅಂತ ಇಳಿದ. ಎರಡನೇ ರೈಡ್ ಮುಗಿಸಿ ಬರುವಾಗ ಶಾಕ್ ಹೊಡೆಯಿತು, ಪೂರ್ತಿ ಎಚ್ಚರ ಇರುವಾಗಲೇ. "ಎದೆಗೆ ಯಾರೋ ಒದ್ದ ಹಾಗಾಯ್ತು ಮೇಡಂ, ನೆಲದ ಮೇಲಿದ್ದೆ" ಅಂದ. ಯಂತ್ರದ ನೆನಪಿನಲ್ಲಿ ಎಲ್ಲ ದಾಖಲಾಗಿತ್ತು: ಬಡಿತ 230, ಎರಡು ಸಲ ನೋವಿಲ್ಲದೆ ಮುರಿಯುವ ಪ್ರಯತ್ನ, ಎರಡೂ ಫಲಿಸಲಿಲ್ಲ, ಆಮೇಲೆ ಶಾಕ್. ಐಸಿಡಿ ಜೀವ ಉಳಿಸುತ್ತದೆ. ಕಾಯಿಲೆಯನ್ನು ನಿಲ್ಲಿಸೋದಿಲ್ಲ.

ವ್ಯಾಯಾಮ ಯಾಕೆ ಬಲಕೋಣೆಗೇ ಇಷ್ಟು ಕೆಟ್ಟದ್ದು ಅನ್ನೋದು ಅರ್ಥವಾದರೆ ನಿರ್ಬಂಧವನ್ನು ಒಪ್ಪಿಕೊಳ್ಳೋದು ಸ್ವಲ್ಪ ಸುಲಭ. ಎಡಕೋಣೆ ಇಡೀ ಮೈಗೆ ರಕ್ತ ತಳ್ಳಬೇಕು, ಅದರ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಬಲಕೋಣೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಅದರ ಗೋಡೆ ಮೂರು ನಾಲ್ಕು ಮಿಲಿಮೀಟರ್. ಕೂತಿರುವಾಗ ಅದರ ಮೇಲಿನ ಒತ್ತಡ ಎಡಗಡೆಯ ಐದನೇ ಒಂದು ಭಾಗ. ಜೋರಾಗಿ ಓಡುವಾಗ ಶ್ವಾಸಕೋಶದ ರಕ್ತನಾಳದ ಒತ್ತಡ ದುಪ್ಪಟ್ಟು ದಾಟಬಹುದು. ಎಡಗಡೆ ಅಷ್ಟು ಪಾಲು ಏರೋದಿಲ್ಲ. ಅಂದರೆ ಗಂಟೆಗಟ್ಟಲೆ ಓಟ, ಆಟ, ತರಬೇತಿ ಎಲ್ಲದರ ಹೆಚ್ಚಿನ ಭಾರ ಬೀಳೋದು ತೆಳು ಗೋಡೆಯ ಮೇಲೆ. ಹಿಡಿತ ಗಟ್ಟಿಯಿದ್ದವರಲ್ಲಿ ಅದು ತಡೆದುಕೊಳ್ಳುತ್ತದೆ. ಇವರಲ್ಲಿ ಸ್ನಾಯು ಸಾಯುತ್ತದೆ.

ಇದು ಬರೀ ತರ್ಕ ಅಲ್ಲ. ಡೆಸ್ಮೋಸೋಮ್ ಪ್ರೋಟೀನ್ ಅರ್ಧ ಇರುವ ಇಲಿಗಳನ್ನು ಈಜಿಸಿ ತರಬೇತಿ ಕೊಟ್ಟಾಗ ಬಲಕೋಣೆ ಬೇಗ ಹಿಗ್ಗಿತು ಅಂತ 2006ರಲ್ಲಿ ಬಂತು. 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಇಂಥ ಜೀನ್ ದೋಷ ಇರುವ 87 ಜನರ ವ್ಯಾಯಾಮದ ಇತಿಹಾಸ ಕೇಳಿ ದಾಖಲಿಸಿದರು. ದೂರದ ಓಟ, ಸೈಕ್ಲಿಂಗ್‌ನಂಥ ಸಹನೆಯ ಕ್ರೀಡೆ ಮಾಡಿದವರಲ್ಲಿ ಕಾಯಿಲೆ ಚಿಕ್ಕ ವಯಸ್ಸಿಗೇ ಕಾಣಿಸಿಕೊಂಡಿತ್ತು, ಕೆಟ್ಟ ಬಡಿತಗಳೂ ಹೃದಯ ಸೋಲುವುದೂ ಜಾಸ್ತಿ ಇತ್ತು. ಈ ಕಾಯಿಲೆಯ ವೇಗದ ಮೇಲೆ ನಮ್ಮ ಕೈಯಲ್ಲಿ ಇರುವ ದೊಡ್ಡ ಹಿಡಿತ ಇದೊಂದೇ. ಜೀನ್ ಬದಲಿಸೋಕೆ ಆಗೋದಿಲ್ಲ, ಓಟ ನಿಲ್ಲಿಸೋಕೆ ಆಗುತ್ತದೆ.

ಇದನ್ನೆಲ್ಲ ಬರೆದವರು ಕ್ರೀಡಾಪಟುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದಾರೆ. ನಮ್ಮ ಕಡೆಯ ಪ್ರಶ್ನೆ ಬೇರೆ. ಅಪ್ಪ ಕೇಳಿದ್ದು ಕಬಡ್ಡಿಯ ಬಗ್ಗೆ ಅಲ್ಲ. "ಇವನು ಆಲೂಗಡ್ಡೆ ಮೂಟೆ ಹೊತ್ಕಂಡು ಹಳ್ಳ ದಾಟಿ ಬರೋನು ಡಾಕ್ಟ್ರೇ. ಹೊಲದ ಕೆಲಸಾನೂ ಬೇಡ ಅಂದ್ರೆ ಏನು ಮಾಡೋದು?" ನಿಜವಾದ ಪ್ರಶ್ನೆ. ಹೊಲದ ಕೆಲಸಕ್ಕೆ ಅಂತ ಬರೆದಿಟ್ಟ ನಿಯಮ ನನ್ನ ಹತ್ತಿರ ಇರಲಿಲ್ಲ. ಬೆಂಗಳೂರಿನ ಹೃದ್ರೋಗ ತಜ್ಞರ ಜೊತೆ ಮಾತಾಡಿ, ಒಂದೊಂದೇ ಕೆಲಸ ತೆಗೆದುಕೊಂಡು ಕೂತು ವಿಂಗಡಿಸಿದೆವು. ಮಾತಾಡುತ್ತಾ ಮಾಡಬಹುದಾದ ಕೆಲಸ ಮಾಡಬಹುದು: ಸಮತಟ್ಟಿನಲ್ಲಿ ನಡೆಯೋದು, ನೀರು ತಿರುಗಿಸೋದು, ಕಳೆ ಕೀಳೋದು, ಹಸು ನೋಡಿಕೊಳ್ಳೋದು, ನಿಧಾನಕ್ಕೆ ಟ್ರ್ಯಾಕ್ಟರ್ ಕೆಲಸ. ಟ್ರ್ಯಾಕ್ಟರ್ ಮಾತ್ರ ಶಾಕ್ ಆದ ಮೇಲೆ ತಜ್ಞರು ಹೇಳುವವರೆಗೆ ಮುಟ್ಟಬಾರದು, ಎಚ್ಚರ ತಪ್ಪಿದರೆ ಅವನೊಬ್ಬನಿಗೇ ಅಪಾಯ ಅಲ್ಲ. ಮಾತಾಡೋಕೆ ಆಗದಷ್ಟು ಏದುಸಿರು ಬರುವ ಕೆಲಸ ಬೇಡ: ಐವತ್ತು ಕೆಜಿ ಮೂಟೆ ಹೊತ್ತು ಏರು ಹತ್ತೋದು, ಶುಂಠಿ ಅಗೆಯುವ ದಿನ ಬೆಳಗಿನಿಂದ ಸಂಜೆವರೆಗೆ ಗುದ್ದಲಿ, ಲಾರಿಗೆ ಲೋಡ್ ಮಾಡೋದು. ಜೀನ್ ಇದ್ದೂ ಕಾಯಿಲೆ ಕಾಣದವರಲ್ಲಿ, ಆರೋಗ್ಯಕ್ಕೆ ಬೇಕಾದಷ್ಟು ಸಾಧಾರಣ ನಡಿಗೆ ತೊಂದರೆ ಮಾಡುವ ಹಾಗೆ ಕಾಣೋದಿಲ್ಲ ಅಂತ ಜಾನ್ಸ್ ಹಾಪ್ಕಿನ್ಸ್ ತಂಡವೇ ಆಮೇಲೆ ಬರೆದಿದೆ. ಹಾಗಾಗಿ ಹಾಸಿಗೆ ಹಿಡಿದು ಮಲಗಿ ಅಂತ ಯಾರಿಗೂ ಹೇಳಬಾರದು.

ಈಗ ಮನೆತನದ ವಿಷಯ. ಮೊದಲ ದಿನವೇ ನಾನು ಕೇಳಿದ್ದೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೋಗಿದ್ದಾರಾ ಅಂತ. ಇಲ್ಲ ಅಂದಿದ್ದರು. ಇದೇ ಪ್ರಶ್ನೆಯನ್ನು ಬೇರೆ ಥರ ಕೇಳಬೇಕಾಗುತ್ತದೆ: ಕೆರೆಯಲ್ಲಿ ಈಜುವಾಗ, ಕೆಲಸ ಮಾಡುವಾಗ, ಬೈಕಿನಲ್ಲಿ ಹೋಗುವಾಗ ಕಾರಣ ಗೊತ್ತಾಗದೆ ಸತ್ತವರು ಇದ್ದಾರಾ? ಫಿಟ್ಸ್ ಅಂತ ಮಾತ್ರೆ ನುಂಗುತ್ತಿರುವವರು ಇದ್ದಾರಾ? ಆಗ ಅಪ್ಪ ತಲೆ ಎತ್ತಿದರು. ಅವರ ತಮ್ಮ, ಮೂವತ್ತೊಂದು ವರ್ಷ, ಸಿಲ್ವರ್ ಮರಕ್ಕೆ ಹಬ್ಬಿದ್ದ ಮೆಣಸು ಬಿಡಿಸೋಕೆ ಸಕಲೇಶಪುರದ ತೋಟವೊಂದಕ್ಕೆ ಹೋಗಿದ್ದವರು ಏಣಿಯಿಂದ ಬಿದ್ದು ಸತ್ತಿದ್ದರು. ಕಾಲು ಜಾರಿ ಬಿದ್ದ ಅಂತ ಎಲ್ಲರೂ ನಂಬಿದ್ದರು. ಜೊತೆಯಲ್ಲಿದ್ದವರು ಮಾತ್ರ, ಬೀಳುವ ಮೊದಲೇ ಅವನ ಕೈ ಸಡಿಲ ಆಯ್ತು ಅಂದಿದ್ದರಂತೆ. ಅವನನ್ನು ಕುಯ್ಯೋದು ಬೇಡ ಅಂತ ಮನೆಯವರು ಬೇಡಿಕೊಂಡು ದೇಹ ತಂದರು.

ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಚಿಕ್ಕ ವಯಸ್ಸಿನವರು ಹೀಗೆ ಹೋದಾಗ ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ, ಹೃದಯದ ಎರಡೂ ಕೋಣೆಗಳ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂತ ಕೇಳಿ. ಈ ಕಾಯಿಲೆ ಜಗತ್ತಿಗೆ ಸರಿಯಾಗಿ ಗೊತ್ತಾಗಿದ್ದರಲ್ಲಿ ಹಾಗೆ ನೋಡಿದ್ದರ ಪಾಲು ದೊಡ್ಡದು. ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಹಠಾತ್ತಾಗಿ ಸತ್ತ, ಮೂವತ್ತೈದರ ಒಳಗಿನ 60 ಜನರ ಹೃದಯಗಳನ್ನು ಪಡುವಾದ ವೈದ್ಯರು ಪರೀಕ್ಷಿಸಿದರು. 12 ಜನರಲ್ಲಿ ಬಲಕೋಣೆಯ ಈ ಕಾಯಿಲೆ ಸಿಕ್ಕಿತು. 1988ರಲ್ಲಿ ಅದು ಪ್ರಕಟವಾಯಿತು. ಅದಕ್ಕೂ ಮುಂಚೆ ಅಲ್ಲೂ ಇಂಥ ಸಾವುಗಳಿಗೆ ಬೇರೆ ಏನೋ ಹೆಸರು ಇರುತ್ತಿತ್ತು.

ಹುಡುಗನ ಜೀನ್ ಪರೀಕ್ಷೆಯಲ್ಲಿ, ಡೆಸ್ಮೋಸೋಮ್ ಕಟ್ಟುವ ಒಂದು ಪ್ರೋಟೀನ್‌ಗೆ ಬೇಕಾದ ಪಿಕೆಪಿ2 ಅನ್ನುವ ಜೀನ್‌ನಲ್ಲಿ, ಕಾಯಿಲೆ ತರುತ್ತದೆ ಅಂತ ಖಚಿತವಾಗಿ ಗೊತ್ತಿರುವ ದೋಷ ಸಿಕ್ಕಿತು. ಎಆರ್‌ವಿಸಿ ಇರುವ ಎಲ್ಲರಲ್ಲೂ ಹೀಗೆ ಸಿಗೋದಿಲ್ಲ, ಸುಮಾರು ಅರ್ಧ ಜನರಲ್ಲಿ ಮಾತ್ರ. ಕೆಲವು ಸಲ ಅರ್ಥ ಗೊತ್ತಿಲ್ಲದ ಬದಲಾವಣೆ ಅಂತ ವರದಿ ಬರುತ್ತದೆ. ಅಂಥದ್ದನ್ನು ಹಿಡಿದುಕೊಂಡು ಮನೆಯವರಿಗೆ ಇದೆ, ಇಲ್ಲ ಅಂತ ಹೇಳಬಾರದು. ಇವರ ಅದೃಷ್ಟಕ್ಕೆ ಇದು ಖಚಿತವಾಗಿತ್ತು. ಆಮೇಲೆ ಮನೆಯವರಲ್ಲಿ ಆ ಒಂದೇ ದೋಷ ಇದೆಯಾ ಅಂತ ನೋಡಿದರೆ ಸಾಕು.

ದೋಷ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಭೇದ ಇಲ್ಲ. ಆದರೆ ಬಂದವರಿಗೆಲ್ಲ ಕಾಯಿಲೆ ಆಗೋದಿಲ್ಲ. ಅಪ್ಪನ ಪರೀಕ್ಷೆಯಲ್ಲಿ ದೋಷ ಇತ್ತು. ಐವತ್ತೆರಡು ವರ್ಷ, ಜೀವಮಾನವೆಲ್ಲ ದುಡಿದ ಮೈ, ಇಸಿಜಿಯಲ್ಲಿ ಸಣ್ಣ ಬದಲಾವಣೆ ಬಿಟ್ಟರೆ ಏನೂ ಇಲ್ಲ. ಅದೇ ಜೀನ್ ತಮ್ಮನನ್ನು ಮೂವತ್ತೊಂದಕ್ಕೆ ಒಯ್ದಿತ್ತು, ಮಗನನ್ನು ಇಪ್ಪತ್ತೆರಡಕ್ಕೆ ಕೆಡವಿತು. ಹೊಲದಲ್ಲಿ ದುಡಿದೂ ಅಪ್ಪ ಹೇಗೆ ಪಾರಾದರು? ಅದಕ್ಕೆ ಪೂರ್ತಿ ಉತ್ತರ ಇಲ್ಲ, ವ್ಯಾಯಾಮ ಒಂದೇ ಎಲ್ಲವನ್ನೂ ತೀರ್ಮಾನಿಸೋದಿಲ್ಲ. ಅವರಿಗೂ ಪ್ರತಿ ವರ್ಷ ಪರೀಕ್ಷೆ, ಮೂಟೆ ಹೊರೋದು ಬಂದ್.

ಅಕ್ಕನಿಗೆ ಇಪ್ಪತ್ತನಾಲ್ಕು. ಮದುವೆ ಮಾತುಕತೆ ನಡೆಯುತ್ತಿತ್ತು. ಪರೀಕ್ಷೆಯೇ ಬೇಡ ಅಂತ ಮನೆಯ ಹಿರಿಯರು ಹಟ ಹಿಡಿದರು. ವಿಷಯ ಹೊರಗೆ ಹೋದರೆ ಸಂಬಂಧ ಮುರಿಯುತ್ತದೆ ಅನ್ನುವ ಭಯ. ಅವಳೇ ಒಬ್ಬಳೇ ಬಸ್ ಹತ್ತಿ ಬಂದು ರಕ್ತ ಕೊಟ್ಟಳು. ಫಲಿತಾಂಶ ನೆಗೆಟಿವ್. ಮನೆಯಲ್ಲಿ ದೋಷ ಯಾವುದು ಅಂತ ಖಚಿತವಾಗಿ ಗೊತ್ತಿರುವಾಗ ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಿತು, ಅವಳಿಗೂ ಮತ್ತೆ ಪರೀಕ್ಷೆ ಬೇಡ, ಅವಳಿಂದ ಮಕ್ಕಳಿಗೂ ಅದು ಹೋಗೋದಿಲ್ಲ. ಹೆದರಿ ಮುಚ್ಚಿಟ್ಟಿದ್ದರೆ ಅನುಮಾನ ಹೊತ್ತುಕೊಂಡೇ ಅವಳು ಮದುವೆಯಾಗಬೇಕಿತ್ತು.

ಕಷ್ಟ ಆಗಿದ್ದು ಹುಡುಗನ ತಮ್ಮನ ವಿಷಯದಲ್ಲಿ. ಹದಿನೈದು ವರ್ಷ. ದೋಷ ಇದೆ. ಇಸಿಜಿ ಚೆನ್ನಾಗಿದೆ, ಹೋಲ್ಟರ್ ಚೆನ್ನಾಗಿದೆ, ಎಂಆರ್‌ಐ ಚೆನ್ನಾಗಿದೆ. ಅವನು ದಿನಾ ಬೆಳಿಗ್ಗೆ ಓಡುತ್ತಿದ್ದ, ಪೊಲೀಸ್ ಆಗಬೇಕು, ನೇಮಕಾತಿಯ 1600 ಮೀಟರ್ ಓಟಕ್ಕೆ ಈಗಿಂದಲೇ ತಯಾರಿ. "ನನಗೆ ಏನೂ ಇಲ್ವಲ್ಲ ಮೇಡಂ, ಎಲ್ಲ ನಾರ್ಮಲ್ ಅಂತ ನೀವೇ ಹೇಳಿದ್ರಿ" ಅಂದ. ಈ ಕಾಯಿಲೆ ಹುಟ್ಟಿನಿಂದ ಕಾಣೋದಿಲ್ಲ, ಹೆಚ್ಚಾಗಿ ಹದಿಹರೆಯ ದಾಟುವಾಗ ತಲೆ ಎತ್ತುತ್ತದೆ. ಅದಕ್ಕೇ ಮನೆಯ ಮಕ್ಕಳ ಪರೀಕ್ಷೆಯನ್ನು ಹತ್ತು ಹನ್ನೆರಡರ ಸುಮಾರಿಗೆ ಶುರು ಮಾಡೋದು. ಇಂದಿನ ನಾರ್ಮಲ್ ಇಂದಿಗೆ ಮಾತ್ರ. ಕೋಣೆಯ ಆಕಾರ ಕೆಡುವ ಮುಂಚೆಯೇ ವಿದ್ಯುತ್ತು ಕೆಡಬಹುದು, ಅಂದರೆ ಎಂಆರ್‌ಐ ಚೆನ್ನಾಗಿದ್ದೂ ಅಪಾಯದ ಬಡಿತ ಬರಬಹುದು. ಹಾಗಾಗಿ ವರ್ಷಕ್ಕೊಮ್ಮೆ ಇಸಿಜಿ, ಎಕೋ, ಹೋಲ್ಟರ್, ನಡುನಡುವೆ ಎಂಆರ್‌ಐ. ಮತ್ತು ಸ್ಪರ್ಧೆಯ ಓಟ ಬೇಡ. ಇಷ್ಟು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಏನೂ ಕಾಯಿಲೆ ಇಲ್ಲದ ಹುಡುಗನ ಕನಸನ್ನು ಒಂದು ರಕ್ತಪರೀಕ್ಷೆಯ ಮೇಲೆ ನಿಲ್ಲಿಸೋದು ನನ್ನ ಕೆಲಸದಲ್ಲಿ ಅತಿ ಭಾರದ್ದು. ಈಗ ಪಿಯುಸಿಯಲ್ಲಿ ಇದ್ದಾನೆ. ಓಡೋದು ಬಿಟ್ಟಿದ್ದಾನೆ ಅಂತ ಅಮ್ಮ ಹೇಳುತ್ತಾರೆ. ಅಣ್ಣನಿಗೆ ಶಾಕ್ ಹೊಡೆದದ್ದನ್ನು ಅವನು ಪಕ್ಕದಲ್ಲೇ ನಿಂತು ನೋಡಿದ್ದ.

ಸತ್ತ ಚಿಕ್ಕಪ್ಪನ ಮಗಳು ಅರಕಲಗೂಡಿನಲ್ಲಿದ್ದಾಳೆ, ಮದುವೆಯಾಗಿ ಇಬ್ಬರು ಮಕ್ಕಳು. ಅವಳನ್ನು ಕರೆಸಿದೆವು. ದೋಷ ಇತ್ತು. ಒಂದು ದಿನವೂ ತಲೆ ಸುತ್ತು ಬಂದಿಲ್ಲ ಅನ್ನುವ ಹುಡುಗಿ. ಆದರೆ ವಿ3ರವರೆಗೆ ಟಿ ಅಲೆ ತಲೆಕೆಳಗು, ಹೋಲ್ಟರ್‌ನಲ್ಲಿ ಏಳುನೂರು ಅಡ್ಡ ಬಡಿತ. ಮಾತ್ರೆ ಶುರುವಾಗಿದೆ. ಐಸಿಡಿ ಬೇಕಾ ಅನ್ನೋದನ್ನು ತಜ್ಞರು ಎಂಆರ್‌ಐ ನೋಡಿ ಹೇಳುತ್ತಾರೆ. ಮಕ್ಕಳು ಇನ್ನೂ ಚಿಕ್ಕವರು, ಅವರಿಗೆ ಹತ್ತು ತುಂಬಿದಾಗ ಬರಬೇಕು.

ಉಳಿದದ್ದು ಅಪ್ಪನ ತಂಗಿ. ಸೋದರ ಸಂಬಂಧದ ಮದುವೆ ಇರುವ ನಮ್ಮ ಕಡೆ ಈ ಅತ್ತೆಯ ಪರೀಕ್ಷೆ ಎರಡು ಕಾರಣಕ್ಕೆ ಮುಖ್ಯ. ಒಂದು ಅವರ ಸ್ವಂತ ಜೀವ. ಇನ್ನೊಂದು, ಅವರ ಮಗಳನ್ನು ಮುಂದೆ ಈ ಮನೆಗೇ ತಂದುಕೊಳ್ಳುವ ಮಾತು ಹಿರಿಯರ ಬಾಯಲ್ಲಿ ಈಗಲೇ ಇದೆ. ಗಂಡು ಹೆಣ್ಣು ಇಬ್ಬರಲ್ಲೂ ದೋಷ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು, ಆಗ ಕಾಯಿಲೆ ತುಂಬಾ ಕ್ರೂರ. ಗ್ರೀಸ್‌ನ ನ್ಯಾಕ್ಸಸ್ ದ್ವೀಪದಲ್ಲಿ ಇದೇ ಗುಂಪಿನ ಇನ್ನೊಂದು ಪ್ರೋಟೀನ್‌ನ ದೋಷ ಎರಡೂ ಕಡೆಯಿಂದ ಬಂದವರನ್ನು 1986ರಲ್ಲಿ ಗುರುತಿಸಿದರು. ಅವರಿಗೆ ಹುಟ್ಟಿನಿಂದ ಉಣ್ಣೆಯಂಥ ಕೂದಲು, ದಪ್ಪಗಟ್ಟಿದ ಅಂಗೈ ಅಂಗಾಲು, ಹದಿಹರೆಯಕ್ಕೆ ಬರುವ ಹೊತ್ತಿಗೆ ಹೃದಯದ ಕಾಯಿಲೆ.

ಅತ್ತೆ ಇನ್ನೂ ಬಂದಿಲ್ಲ. ನನಗೇನಾಗಿದೆ, ಗಟ್ಟಿಯಾಗಿದ್ದೀನಿ ಅಂತಾರಂತೆ. ಹುಡುಗನ ಜೀನ್ ವರದಿಯ ಪ್ರತಿ ಇಟ್ಟು, ಯಾವ ಪರೀಕ್ಷೆ, ಎಲ್ಲಿ, ಯಾಕೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಅಪ್ಪನ ಕೈಗೆ ಕೊಟ್ಟಿದ್ದೇನೆ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋಗ್ತೀನಿ, ಆಗ ಕೂತು ಓದಿ ಹೇಳ್ತೀನಿ, ಒಪ್ಪದಿದ್ರೆ ಹಬ್ಬ ಮುಗಿದ ಮಾರನೇ ದಿನ ನಾನೇ ಕರ್ಕೊಂಡು ಬರ್ತೀನಿ ಅಂದಿದ್ದಾರೆ.